ಪಿಡಿಎಫ್‌ನಿಂದ ತೆಗೆದ ಕನ್ನಡ: ತಿದ್ದಬೇಕೆ, ಓದಿಸಬೇಕೆ, ಮತ್ತೆ ಟೈಪಿಸಬೇಕೆ?

ಪರದೆಯ ಮೇಲೆ ‘ಕರ್ನಾಟಕ ಸರ್ಕಾರ’ ಎಂದು ಅಚ್ಚುಕಟ್ಟಾಗಿ ಕಾಣುವ ಸಾಲನ್ನು ಪಿಡಿಎಫ್‌ನಿಂದ ಕಾಪಿ ಮಾಡಿ ಇನ್ನೊಂದು ಕಡೆ ಪೇಸ್ಟ್ ಮಾಡಿದರೆ, ಹೆಚ್ಚಾಗಿ ಈ ಮೂರರಲ್ಲಿ ಒಂದು ಕಣ್ಣಿಗೆ ಬೀಳುತ್ತದೆ:

```
PÀ£ÁðlPÀ ¸ÀPÁðgÀ
ಕನಾರ್ಟಕ ಸಕಾರ್ರ
ಕರ್ಾಾಟಕ ಸರ್ಾಾರ
```

ನಾಲ್ಕನೆಯದೂ ಒಂದಿದೆ. ಮೌಸ್ ಎಳೆದರೂ ಅಕ್ಷರಗಳು ಆಯ್ಕೆಯೇ ಆಗುವುದಿಲ್ಲ. ಪುಟವೆಲ್ಲ ಒಂದೇ ಚಿತ್ರ. ಈ ನಾಲ್ಕನ್ನೂ ‘ಫಾಂಟ್ ಪ್ರಾಬ್ಲಂ’ ಎಂಬ ಒಂದೇ ಹೆಸರಿನಿಂದ ಕರೆದುಬಿಡುವುದು ವಾಡಿಕೆ. ಹಾಗಾಗಿ ಮದ್ದೂ ಒಂದೇ ಆಗಿಬಿಟ್ಟಿದೆ. ಡಿಟಿಪಿ ಅಂಗಡಿಗೆ ಕೊಟ್ಟು ಮೊದಲಿಂದ ಟೈಪ್ ಮಾಡಿಸುವುದು, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದು ಯಾವುದೋ ಆ್ಯಪ್‌ಗೆ ಓದಿಸುವುದು. ಮೊದಲನೆಯ ಬಗೆಯ ಕಡತಕ್ಕೆ ಇವೆರಡೂ ಬೇಕಿಲ್ಲ, ಮೂರನೆಯದಕ್ಕೆ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಅಕ್ಷರಗಳ ಮಾಹಿತಿ ವೇಷ ಮರೆಸಿಕೊಂಡಿದೆಯೆ, ಜಾಗ ತಪ್ಪಿದೆಯೆ, ಅಥವಾ ಕಳೆದೇ ಹೋಗಿದೆಯೆ? ಇದಕ್ಕೆ ಉತ್ತರ ಸಿಕ್ಕರೆ ಮುಂದಿನ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಪುಟದ ಒಳಗೆ ಇರುವುದು ಅಕ್ಷರವಲ್ಲ, ಆಕಾರ

ಅಡೋಬಿ ಕಂಪನಿ 1993ರಲ್ಲಿ ಪಿಡಿಎಫ್ ಅನ್ನು ಹೊರತಂದದ್ದು ಒಂದೇ ಉದ್ದೇಶಕ್ಕೆ: ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿಗೆ ಕಳುಹಿಸಿದರೂ ಪುಟ ಒಂದೇ ಥರ ಕಾಣಬೇಕು. ಅದಕ್ಕಾಗಿ ಪಿಡಿಎಫ್ ತನ್ನೊಳಗೆ ಬರೆದಿಟ್ಟುಕೊಳ್ಳುವುದು ‘ಇಂಥ ಫಾಂಟಿನ ಇಂತಿಷ್ಟನೇ ಆಕಾರವನ್ನು ಪುಟದ ಈ ಜಾಗದಲ್ಲಿ ಬಿಡಿಸು’ ಎಂಬ ಆದೇಶಗಳನ್ನು. ಆ ಆಕಾರ ಯಾವ ಅಕ್ಷರ ಎಂದು ಹೇಳುವ ಒಂದು ಪಟ್ಟಿಯನ್ನು ಜೊತೆಗೆ ಇಡಬಹುದು. ಅದರ ಹೆಸರು ಟುಯೂನಿಕೋಡ್. ಇಡಲೇಬೇಕೆಂಬ ಕಟ್ಟಳೆಯಿಲ್ಲ. ಪಟ್ಟಿ ಇಲ್ಲದಿದ್ದರೂ, ತಪ್ಪಿದ್ದರೂ ಪುಟ ಚೆನ್ನಾಗಿಯೇ ಕಾಣುತ್ತದೆ, ಚೆನ್ನಾಗಿಯೇ ಮುದ್ರಣವಾಗುತ್ತದೆ. ಕಾಪಿ ಮಾಡಿದಾಗ ಮಾತ್ರ ಹುಳುಕು ಹೊರಬೀಳುತ್ತದೆ.

ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ ಒಂದು ಆಕಾರ, ಅದೂ ಓದುವ ಕ್ರಮದಲ್ಲೇ. ಕನ್ನಡದ ಲೆಕ್ಕ ಬೇರೆ. ಯೂನಿಕೋಡಿನಲ್ಲಿ ‘ಕನ್ನಡ’ ಎಂದರೆ ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳ ಸಾಲು. ಪುಟದ ಮೇಲೆ ಬೀಳುವುದು ಕ, ನ, ನ-ಒತ್ತು, ಡ ಎಂಬ ನಾಲ್ಕು ಆಕಾರ. ಈ ನ-ಒತ್ತಿಗೆ ಯೂನಿಕೋಡಿನಲ್ಲಿ ತನ್ನದೇ ಆದ ಸಂಖ್ಯೆಯಿಲ್ಲ. ವಿರಾಮವೂ ನ-ವೂ ಸೇರಿದಾಗ ಫಾಂಟಿನೊಳಗಿನ ನಿಯಮ ಅದನ್ನು ಹುಟ್ಟಿಸುತ್ತದೆ. ತಲಕಟ್ಟಿಲ್ಲದ ಕ, ಗುಡಿಸು ಸೇರಿದ ಕಿ, ಅರ್ಕಾವೊತ್ತು ಇವೆಲ್ಲ ಇದೇ ಜಾತಿಯವು. ಪಿಡಿಎಫ್ ತಯಾರಿಸುವ ತಂತ್ರಾಂಶ ಈ ಆಕಾರಗಳಿಂದ ಹಿಂದಕ್ಕೆ ಹೋಗಿ ಮೂಲ ಸಂಕೇತಗಳನ್ನು ಹುಡುಕಿ ಪಟ್ಟಿಯಲ್ಲಿ ಬರೆಯಬೇಕು. ಅಲ್ಲಿ ಅದು ಎಡವುತ್ತದೆ.

ರೋಗ ಪತ್ತೆಗೆ ಎರಡು ಸುಲಭದ ದಾರಿಗಳಿವೆ. ಅಕ್ರೊಬ್ಯಾಟ್ ರೀಡರಿನಲ್ಲಿ ಕಡತ ತೆರೆದು `Ctrl+D` ಒತ್ತಿ, `Fonts` ಎಂಬ ಭಾಗಕ್ಕೆ ಹೋದರೆ ಬಳಸಿರುವ ಫಾಂಟುಗಳ ಹೆಸರು ಕಾಣುತ್ತದೆ. ಇನ್ನಷ್ಟು ಸ್ಪಷ್ಟವಾಗಿ ಬೇಕಿದ್ದರೆ ಪಾಪ್ಲರ್ ಎಂಬ ಉಚಿತ ಸಲಕರಣೆಗಳ ಕಟ್ಟಿನಲ್ಲಿರುವ `pdffonts` ಆದೇಶ ಕೊಡಬಹುದು. ಅದರ ಉತ್ತರ ಸುಮಾರಾಗಿ ಹೀಗಿರುತ್ತದೆ:

```
name            type          encoding    emb sub uni
BCDEEE+Nudi01e  TrueType      WinAnsi     yes yes no
BCDFEE+Tunga    CID TrueType  Identity-H  yes yes yes
```

ಕೂಡಿಸು ಚಿಹ್ನೆಯ ಹಿಂದಿನ ಆರು ಅಕ್ಷರಗಳಿಗೆ ಅರ್ಥವಿಲ್ಲ. ಫಾಂಟಿನಲ್ಲಿ ಬೇಕಾದ ಆಕಾರಗಳನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿದೆ ಎಂಬುದರ ಗುರುತು ಅದು. ನೋಡಬೇಕಾದದ್ದು ಅದರ ಮುಂದಿನ ಹೆಸರನ್ನು ಮತ್ತು ಕೊನೆಯ `uni` ಕಾಲಮ್ಮನ್ನು. ಹೆಸರು ನುಡಿ, ಬರಹ, ಶ್ರೀಲಿಪಿ ಕುಟುಂಬದ್ದಾದರೆ ಒಂದು ದಾರಿ. ತುಂಗಾ, ನಿರ್ಮಲಾ, ನೋಟೊ, ಲೋಹಿತ್ ಮುಂತಾದ ಯೂನಿಕೋಡ್ ಫಾಂಟಾದರೆ ಇನ್ನೊಂದು. ಪಟ್ಟಿಯೇ ಖಾಲಿಯಿದ್ದರೆ ಪುಟ ಬರೀ ಚಿತ್ರ. `uni` ಕೆಳಗೆ `yes` ಎಂದಿದ್ದರೆ ಪಟ್ಟಿ ಇದೆ ಎಂದಷ್ಟೇ ಅರ್ಥ, ಪಟ್ಟಿ ಸರಿಯಿದೆ ಎಂದಲ್ಲ. ಇದನ್ನು ಮರೆತವರು ‘ಯೂನಿಕೋಡ್ ಕಡತವೇ ಆಗಿದೆಯಲ್ಲ, ಯಾಕೆ ಕೆಟ್ಟಿತು?’ ಎಂದು ತಲೆ ಕೆರೆದುಕೊಳ್ಳುತ್ತಾರೆ.

ವೇಷ ಮರೆಸಿಕೊಂಡ ಪಠ್ಯ

ಮೊದಲ ಬಗೆಯ `PÀ£ÁðlPÀ` ನೋಡಲು ಅತಿ ಭೀಕರ, ಸರಿಪಡಿಸಲು ಅತಿ ಸುಲಭ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಮೀಸಲಿದ್ದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕನ್ನಡ ಗಣಕ ಪರಿಷತ್ತಿನ ನುಡಿಯೂ ಬರಹ ತಂತ್ರಾಂಶದ ಹಳೆಯ ಫಾಂಟುಗಳೂ ಬಳಸುವ ಈ ವ್ಯವಸ್ಥೆಯಲ್ಲಿ `P` ಎಂದರೆ ತಲಕಟ್ಟಿಲ್ಲದ ಕ, `À` ಎಂದರೆ ತಲಕಟ್ಟು, `Á` ಎಂದರೆ ದೀರ್ಘ, `ð` ಎಂದರೆ ಅರ್ಕಾವೊತ್ತು. `PÀ£ÀßqÀ` ಎಂಬ ಏಳು ಚಿಹ್ನೆಗಳಲ್ಲಿ `PÀ` ಕ, `£À` ನ, `ß` ನ-ಒತ್ತು, `qÀ` ಡ. ಒಂದಕ್ಷರವೂ ಕಳೆದಿಲ್ಲ, ಹೊದ್ದ ಬಟ್ಟೆ ಮಾತ್ರ ಬೇರೆ.

ಇದನ್ನು ಖಚಿತಪಡಿಸಿಕೊಳ್ಳಲು ಪರಿವರ್ತಕವೂ ಬೇಡ. ಪೇಸ್ಟ್ ಮಾಡಿದ ಸಾಲನ್ನು ವರ್ಡ್‌ನಲ್ಲಿ ಆಯ್ಕೆ ಮಾಡಿ ನುಡಿ ಫಾಂಟ್ ಕೊಟ್ಟು ನೋಡಿ. ಕನ್ನಡ ಸರಿಯಾಗಿ ಓದಲು ಬಂದರೆ ಮಾಹಿತಿ ಪೂರ್ತಿ ಉಳಿದಿದೆ. ಆಮೇಲೆ ನುಡಿ, ಬರಹಗಳ ಜೊತೆಗೇ ಬರುವ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡರಾಯಿತು. ನೂರು ಪುಟದ ಪುಸ್ತಕವೂ ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ. ಇಂಥ ಕಡತಕ್ಕೆ ಓಸಿಆರ್ ಮಾಡುವುದೆಂದರೆ ತಪ್ಪಿಲ್ಲದ ಪಠ್ಯವನ್ನು ಕೈಯಲ್ಲಿಟ್ಟುಕೊಂಡು ತಪ್ಪಿರುವ ಪಠ್ಯವನ್ನು ಹೊಸದಾಗಿ ಮಾಡಿಕೊಂಡಂತೆ.

ಎಚ್ಚರ ಬೇಕಾದ ಜಾಗಗಳು ಇಲ್ಲಿಯೂ ಇವೆ. ನುಡಿಯ ಆಕಾರ ವ್ಯವಸ್ಥೆಯಲ್ಲಿ `ªÀ` ಎಂದರೆ ವ, `ªÀÄ` ಎಂದರೆ ಮ, `ªÀÅ` ಎಂದರೆ ವು. `A` ಒಂಟಿಯಾಗಿ ಬಂದರೆ ಅನುಸ್ವಾರ, `AiÀÄ` ಎಂದು ಬಂದರೆ ಯ. ಪರಿವರ್ತಕ ಉದ್ದನೆಯ ಸಾಲನ್ನು ಮೊದಲು ಹುಡುಕಿ ಆಮೇಲೆ ಚಿಕ್ಕದಕ್ಕೆ ಇಳಿಯಬೇಕು. ಅರೆಬರೆ ಪರಿವರ್ತಕಗಳು ಇದನ್ನು ತಪ್ಪಿಸುತ್ತವೆ. ಪಿಡಿಎಫ್ ಸಾಲು ಮುರಿದ ಕಡೆ `ªÀ` ಒಂದು ಸಾಲಿನಲ್ಲೂ `Ä` ಇನ್ನೊಂದರಲ್ಲೂ ಉಳಿದರೆ ಒಳ್ಳೆಯ ಪರಿವರ್ತಕವೂ ಸೋಲುತ್ತದೆ. ಹಾಗಾಗಿ ಪರಿವರ್ತಿಸಿದ ಪಠ್ಯದಲ್ಲಿ ಮ, ಯ ಇರುವ ಹತ್ತಾರು ಪದಗಳನ್ನು ಮೊದಲು ನೋಡಿದರೆ ಪರಿವರ್ತಕದ ಗುಣ ಗೊತ್ತಾಗುತ್ತದೆ.

ಎರಡನೆಯ ಜಾಗ ಇಂಗ್ಲಿಷ್ ಪದಗಳದ್ದು. ಪರಿವರ್ತಕಕ್ಕೆ ಫಾಂಟ್ ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ. ವಾಕ್ಯದ ನಡುವೆ ಇಂಗ್ಲಿಷಿನಲ್ಲೇ `DCC` ಬ್ಯಾಂಕ್ ಎಂದು ಇದ್ದರೆ, ನುಡಿಯಲ್ಲಿ `D` ಎಂದರೆ ಆ, `C` ಎಂದರೆ ಅ ಆದ್ದರಿಂದ ಅದು ‘ಆಅಅ’ ಬ್ಯಾಂಕ್ ಆಗಿ ಹೊರಬರುತ್ತದೆ. ಪದದ ನಡುವೆ ಅ, ಆ, ಇ, ಎ ಮುಂತಾದ ಸ್ವರಗಳು ಸಾಲಾಗಿ ಕಂಡರೆ ಅಲ್ಲೊಂದು ಇಂಗ್ಲಿಷ್ ಪದ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಬಹುದು. ಮೂರನೆಯದು ಗುರುತು ತಪ್ಪುವುದು. ಶ್ರೀಲಿಪಿಯ ಸಂಕೇತಗಳು ನುಡಿಯವಲ್ಲ. ಅದರ ಪಠ್ಯವನ್ನು ನುಡಿ ಪರಿವರ್ತಕಕ್ಕೆ ಕೊಟ್ಟರೆ ಕನ್ನಡ ಅಕ್ಷರಗಳೇ ಬರುತ್ತವೆ, ಪದಗಳು ಮಾತ್ರ ಆಗುವುದಿಲ್ಲ. ಶ್ರೀಲಿಪಿಯದಕ್ಕೆ ಅದರದೇ ಪರಿವರ್ತಕ ಬೇಕು. ಫಾಂಟಿನ ಹೆಸರನ್ನು ಮೊದಲು ನೋಡಬೇಕೆನ್ನುವುದು ಇದಕ್ಕೇ.

ಅರ್ಕಾವೊತ್ತು ಜಾರಿದಾಗ

ಎರಡನೆಯ ಬಗೆಯಲ್ಲಿ ಬಂದಿರುವುದು ಕನ್ನಡ ಯೂನಿಕೋಡೇ, ಕ್ರಮ ಮಾತ್ರ ಹಿಂದುಮುಂದು. ‘ಕರ್ನಾಟಕ’ವನ್ನು ಟೈಪಿಸುವಾಗ ರ್ ಮೊದಲು, ನಾ ಆಮೇಲೆ. ಪುಟದ ಮೇಲೆ ಬೀಳುವಾಗ ನಾ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ಪಿಡಿಎಫ್ ಎಡದಿಂದ ಬಲಕ್ಕೆ ಆಕಾರಗಳನ್ನು ಜೋಡಿಸಿ, ಅರ್ಕಾವೊತ್ತಿನ ಎದುರು ರ್ ಎಂದು ಪಟ್ಟಿಯಲ್ಲಿ ಬರೆದಿಟ್ಟರೆ ‘ಕನಾರ್ಟಕ’ ಸಿದ್ಧ. ವರ್ಷ ‘ವಷರ್’ ಆಗುತ್ತದೆ, ಧರ್ಮ ‘ಧಮರ್’, ಕಾರ್ಯ ‘ಕಾಯರ್’. ಅಂತರ್ಜಾಲದಲ್ಲಿ ಈ ‘ಕನಾರ್ಟಕ’ ಧಾರಾಳವಾಗಿ ಸಿಗುತ್ತದೆ. ಅವುಗಳಲ್ಲಿ ಹೆಚ್ಚಿನವು ಯಾರ ಕಾಗುಣಿತದ ತಪ್ಪೂ ಅಲ್ಲ, ಹೀಗೆ ಕಾಪಿಯಾಗಿ ಬಂದವು.

ಇಲ್ಲಿ ಮಾಡಬೇಕಾದ ಮೊದಲ ಕೆಲಸ, ಅದೇ ಕಡತವನ್ನು ಬೇರೆ ರೀಡರಿನಲ್ಲಿ ತೆರೆದು ಕಾಪಿ ಮಾಡಿ ನೋಡುವುದು. ಕೆಲವು ಪಿಡಿಎಫ್‌ಗಳಲ್ಲಿ ಆಕಾರಗಳ ಗುಂಪಿನ ಜೊತೆಗೆ ‘ಇದರ ಮೂಲ ಪಠ್ಯ ಇದು’ ಎಂಬ ಟಿಪ್ಪಣಿಯೂ ಅಡಗಿರುತ್ತದೆ. ಆ ಟಿಪ್ಪಣಿಯನ್ನು ಒಂದು ರೀಡರ್ ಓದುತ್ತದೆ, ಇನ್ನೊಂದು ಕಡೆಗಣಿಸುತ್ತದೆ. ಬ್ರೌಸರಿನಲ್ಲಿ ಕೆಟ್ಟದ್ದು ಅಕ್ರೊಬ್ಯಾಟಿನಲ್ಲಿ ಸರಿಯಾಗಿಯೇ ಬಂದರೆ ಕೆಲಸ ಅಲ್ಲಿಗೇ ಮುಗಿಯಿತು.

ಅದೂ ಆಗದಿದ್ದರೆ ಹುಡುಕಿ ಬದಲಿಸುವ ಸೂತ್ರ ನೆನಪಾಗುವುದು ಸಹಜ. ರ್ ಎಂಬುದನ್ನು ಅದರ ಹಿಂದಿನ ಅಕ್ಷರದ ಹಿಂದಕ್ಕೆ ಒಯ್ದರೆ ಸಾಕಲ್ಲ? ಲಿಬ್ರೆಆಫೀಸಿನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆ ಮಾಡಿಕೊಂಡು ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು:

```
Find:    ([ಕ-ಹ](?:್[ಕ-ಹ])*[ಾ-ೌ]?)ರ್
Replace: ರ್$1
```

‘ಕನಾರ್ಟಕ’ ಕರ್ನಾಟಕವಾಗುತ್ತದೆ, ‘ಸಕಾರ್ರ’ ಸರ್ಕಾರವಾಗುತ್ತದೆ, ‘ವಷರ್’ ವರ್ಷವಾಗುತ್ತದೆ. ಜೊತೆಗೆ ‘ಕಂಪ್ಯೂಟರ್’ ಎಂಬುದು ‘ಕಂಪ್ಯೂರ್ಟ’ ಆಗುತ್ತದೆ, ‘ಡಾಕ್ಟರ್’ ಎಂಬುದು ‘ಡಾರ್ಕ್ಟ’ ಆಗುತ್ತದೆ! ಪುಟದ ಮೇಲೆ ಅರ್ಕಾವೊತ್ತಿನ ಆಕಾರ ಬೇರೆ, ಪದದ ಕೊನೆಯ ರ್ ಎಂಬುದರ ಆಕಾರ ಬೇರೆ. ಪಟ್ಟಿಯಲ್ಲಿ ಎರಡಕ್ಕೂ ಅದೇ ರ ಮತ್ತು ವಿರಾಮ. ಪಠ್ಯವಾಗಿ ಹೊರಬಂದ ಮೇಲೆ ಇವನ್ನು ಬೇರ್ಪಡಿಸಲು ಕನ್ನಡ ಪದಗಳ ಪರಿಚಯ ಬೇಕು, ಅದು ಸೂತ್ರಕ್ಕಿಲ್ಲ. ಹಾಗಾಗಿ ‘ಎಲ್ಲ ಬದಲಿಸು’ ಗುಂಡಿ ಒತ್ತಬಾರದು. ರ್ ಇರುವ ಪದಗಳನ್ನೆಲ್ಲ ಬೇರೆ ಪಟ್ಟಿ ಮಾಡಿ, ಇಂಗ್ಲಿಷಿನಿಂದ ಬಂದ ಡಾಕ್ಟರ್, ಮೀಟರ್, ಮ್ಯಾನೇಜರ್‌ಗಳನ್ನು ಮೊದಲು ಪಕ್ಕಕ್ಕಿಟ್ಟು, ಉಳಿದವನ್ನು ಬದಲಿಸುವುದು ಕ್ಷೇಮ. ಆಡಳಿತದ ಬರವಣಿಗೆಯಲ್ಲಿ ಅವೇ ಪದಗಳು ಮತ್ತೆ ಮತ್ತೆ ಬರುವುದರಿಂದ ಪಟ್ಟಿ ಹೆದರುವಷ್ಟು ಬೆಳೆಯುವುದಿಲ್ಲ.

ಈ ದಾರಿ ಹಿಡಿಯುವ ಮುಂಚೆ ಕೆಟ್ಟಿರುವುದು ಅರ್ಕಾವೊತ್ತು ಮಾತ್ರವೇ ಎಂಬುದನ್ನು ನೋಡಿಕೊಳ್ಳಬೇಕು. ಒತ್ತಕ್ಷರಗಳೂ ಜಾರಿ, ‘ಕನ್ನಡ’ ‘ಕನನ್ಡ’ ಆಗಿದ್ದರೆ ನಿಯಮಗಳು ಒಂದರ ಮೇಲೊಂದು ಬಿದ್ದು ತಿದ್ದಿದ್ದನ್ನೇ ಕೆಡಿಸತೊಡಗುತ್ತವೆ. ಅಲ್ಲಿಗೆ ತಿದ್ದುವ ಆಸೆ ಬಿಡುವುದು ಒಳ್ಳೆಯದು.

ಕಳೆದುಹೋದದ್ದು ಎಂದು ತಿಳಿಯುವುದು ಹೇಗೆ?

ಮೂರನೆಯ ಬಗೆ ಮೋಸದ್ದು. ‘ಕರ್ಾಾಟಕ ಸರ್ಾಾರ’ ನೋಡಿದವರು ಎಲ್ಲ ಅಕ್ಷರವೂ ಕನ್ನಡದ್ದೇ ಇದೆಯಲ್ಲ, ಸ್ವಲ್ಪ ತಿದ್ದಿದರಾಯಿತು ಎಂದುಕೊಳ್ಳುತ್ತಾರೆ. ಸ್ವಲ್ಪ ನಿಂತು ನೋಡಿ. ಮೊದಲ ಪದದಲ್ಲಿ ಇರಬೇಕಾದದ್ದು ‘ರ್ನಾ’, ಎರಡನೆಯದರಲ್ಲಿ ‘ರ್ಕಾ’. ಹೊರಬಂದಿರುವುದು ಎರಡೂ ಕಡೆ ಒಂದೇ ‘ರ್ಾಾ’. ತಲಕಟ್ಟಿಲ್ಲದ ನ, ತಲಕಟ್ಟಿಲ್ಲದ ಕ ಎಂಬ ಎರಡು ಬೇರೆ ಆಕಾರಗಳನ್ನು ಪಟ್ಟಿ ಒಂದೇ ಸಂಕೇತಕ್ಕೆ ಕಟ್ಟಿಹಾಕಿದೆ. ಇಲ್ಲಿಂದ ಹಿಂದಕ್ಕೆ ದಾರಿಯಿಲ್ಲ. ಕರ್ನಾಟಕ ಎಂಬುದು ನಮಗೆ ಗೊತ್ತಿರುವ ಪದವಾದ್ದರಿಂದ ಊಹಿಸಿಕೊಳ್ಳುತ್ತೇವೆ; ಒಬ್ಬ ಫಲಾನುಭವಿಯ ಹೆಸರೋ ಹಳ್ಳಿಯ ಹೆಸರೋ ಇದ್ದರೆ ಊಹೆಗೂ ಆಧಾರವಿರುವುದಿಲ್ಲ. ಪಟ್ಟಿಯಲ್ಲಿ ಒತ್ತಿನ ಎದುರು ಏನನ್ನೂ ಬರೆಯದೆ ಬಿಟ್ಟಾಗ ‘ಕನ್ನಡ’ ಬರೀ ‘ಕನಡ’ವಾಗಿಯೋ ನಡುವೆ ಖಾಲಿ ಬಿಟ್ಟ ‘ಕನ ಡ’ವಾಗಿಯೋ ಬರುವುದೂ ಇದೇ ಜಾತಿ.

ಪರೀಕ್ಷೆ ಹೀಗೆ ಮಾಡಬಹುದು. ಪುಟದಲ್ಲಿ ಬೇರೆ ಬೇರೆ ಒತ್ತಕ್ಷರಗಳಿರುವ ಹತ್ತು ಪದಗಳನ್ನು ಆರಿಸಿ: ಅಕ್ಕ, ಅಪ್ಪ, ಪತ್ರ, ಸತ್ಯ, ಶಾಸ್ತ್ರ, ಕೃಷ್ಣ, ಹೀಗೆ. ಅವನ್ನು ಪೇಸ್ಟ್ ಮಾಡಿ ಪಕ್ಕದಲ್ಲೇ ಸರಿಯಾದ ರೂಪ ಬರೆಯಿರಿ. ಎರಡು ಬೇರೆ ಅಕ್ಷರಗಳು ಒಂದೇ ಆಗಿ ಬಂದಿವೆಯೆ, ಯಾವುದಾದರೂ ಅಕ್ಷರ ಕಾಣೆಯಾಗಿದೆಯೆ ಎಂದು ನೋಡಿ. ಎರಡಕ್ಕೂ ಇಲ್ಲ ಎಂದಾದರೆ ಮಾತ್ರ ತಿದ್ದುವ ಮಾತು. ಒಂದಕ್ಕೆ ಹೌದು ಎಂದರೂ ಆ ಪಠ್ಯವನ್ನು ಕೈಬಿಟ್ಟು ಪುಟದ ಚಿತ್ರಕ್ಕೆ ಹೋಗಬೇಕು.

ಚಿತ್ರಕ್ಕೆ ಹೋಗುವುದು ಎಂದರೆ

ಓಸಿಆರ್ ಇರುವುದು ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಿಗೆ ಎಂಬ ಭಾವನೆ ಬಲವಾಗಿದೆ. ವಾಸ್ತವದಲ್ಲಿ ಅದು ಅತ್ಯುತ್ತಮವಾಗಿ ಕೆಲಸ ಮಾಡುವುದು ಈ ಮೂರನೆಯ ಬಗೆಯ ಕಡತಗಳ ಮೇಲೆ. ಸ್ಕ್ಯಾನಿನಲ್ಲಿ ಕಾಗದ ಸೊಟ್ಟಗಿರುತ್ತದೆ, ಶಾಯಿ ಹರಡಿರುತ್ತದೆ, ಹಿಂಬದಿಯ ಅಚ್ಚು ಇಣುಕುತ್ತದೆ. ಕಂಪ್ಯೂಟರಿನಲ್ಲೇ ಹುಟ್ಟಿದ ಪಿಡಿಎಫ್‌ನಲ್ಲಿ ಕೆಟ್ಟಿರುವುದು ಒಳಗಿನ ಪಟ್ಟಿ ಮಾತ್ರ, ಆಕಾರಗಳು ಚೂರೂ ಮುಕ್ಕಾಗಿಲ್ಲ. ಅವನ್ನು ಬೇಕಾದಷ್ಟು ದೊಡ್ಡದಾದ, ನೇರವಾದ, ಕಲೆಯಿಲ್ಲದ ಚಿತ್ರವಾಗಿ ತೆಗೆಯಬಹುದು. ಪುಟವನ್ನು ಪ್ರಿಂಟ್ ಹಾಕಿ ಮತ್ತೆ ಸ್ಕ್ಯಾನ್ ಮಾಡುವುದಾಗಲಿ, ಪರದೆಯ ಫೋಟೊ ತೆಗೆಯುವುದಾಗಲಿ ಈ ಅನುಕೂಲವನ್ನು ಕೈಯಾರೆ ಹಾಳು ಮಾಡಿದಂತೆ.

ಪಾಪ್ಲರಿನ ಒಂದು ಆದೇಶ, ಟೆಸೆರಾಕ್ಟ್ ಎಂಬ ಉಚಿತ ಓಸಿಆರಿನ ಒಂದು ಆದೇಶ ಸಾಕು:

```
pdftoppm -r 300 -png kadata.pdf puta
tesseract puta-01.png puta-01 -l kan+eng
```

ಮೊದಲನೆಯದು ಪ್ರತಿ ಪುಟವನ್ನೂ ಅಂಗುಲಕ್ಕೆ 300 ಚುಕ್ಕೆಗಳ ಚಿತ್ರವಾಗಿ ತೆಗೆಯುತ್ತದೆ; ಎರಡನೆಯದು ಮೊದಲ ಪುಟದ ಚಿತ್ರದಲ್ಲಿರುವ ಕನ್ನಡ, ಇಂಗ್ಲಿಷ್ ಎರಡನ್ನೂ ಓದುತ್ತದೆ, ಉಳಿದ ಪುಟಗಳಿಗೂ ಅದನ್ನೇ ಸಂಖ್ಯೆ ಬದಲಿಸಿ ಕೊಡಬೇಕು. ಕನ್ನಡದ ತರಬೇತಿ ಕಡತವನ್ನು ಬೇರೆಯಾಗಿ ಸೇರಿಸಿಕೊಂಡಿರಬೇಕು. ಅಕ್ಷರಗಳು ತೀರಾ ಸಣ್ಣದಿದ್ದು ಒತ್ತುಗಳು ಒಂದಕ್ಕೊಂದು ಅಂಟಿದಂತಿದ್ದರೆ 300ರ ಬದಲು 400 ಕೊಟ್ಟು ನೋಡಬಹುದು. ಇಡೀ ಪಿಡಿಎಫ್ ಅನ್ನೇ ಹುಡುಕಬಲ್ಲಂತೆ ಮಾಡಬೇಕಿದ್ದರೆ `ocrmypdf` ಇದೆ. ಆದರೆ ಪುಟದಲ್ಲಿ ಈಗಾಗಲೇ ಪಠ್ಯ ಕಂಡರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ. ಆ ಪಠ್ಯ ಹಾಳಾದದ್ದು ಎಂದು ಅದಕ್ಕೆ ಗೊತ್ತಾಗುವುದಿಲ್ಲ, `--force-ocr` ಎಂದು ನಾವೇ ಹೇಳಬೇಕು. ಆದೇಶಗಳ ಸಹವಾಸ ಬೇಡವೆನ್ನುವವರು ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಲ್ಲಿಯೂ ಕನ್ನಡ ಓಸಿಆರ್ ಆಗುತ್ತದೆ. ಪಿಡಿಎಫ್ ಬದಲು ಪುಟದ ಚಿತ್ರವನ್ನು ಹಾಕಿದರೆ ಹಾಳಾದ ಒಳಪಠ್ಯ ನುಸುಳುವ ಅನುಮಾನ ಇರುವುದಿಲ್ಲ. ಆಸ್ತಿಪತ್ರ, ವೈದ್ಯಕೀಯ ದಾಖಲೆ, ಪರೀಕ್ಷೆಯ ಅಂಕಪಟ್ಟಿಗಳನ್ನು ಮಾತ್ರ ಬೇರೆಯವರ ಸರ್ವರಿಗೆ ಕಳುಹಿಸದೆ ಸ್ವಂತ ಕಂಪ್ಯೂಟರಿನಲ್ಲೇ ಓದಿಸುವುದು ವಿವೇಕ.

ಕನ್ನಡದ ಓಸಿಆರ್ ತಪ್ಪುವ ಜಾಗಗಳು ಬಲ್ಲವರಿಗೆ ಪರಿಚಿತವೇ. ಪ–ಫ, ದ–ಧ, ಬ–ಭ, ಡ–ಢ ಜೋಡಿಗಳಲ್ಲಿ ಒಂದು ಸಣ್ಣ ಸೀಳು ಕಾಣದಿದ್ದರೆ ಮಹಾಪ್ರಾಣ ಹೋಗುತ್ತದೆ. ಮ ಮತ್ತು ವು, ಎ ಮತ್ತು ಏ ಅದಲುಬದಲಾಗುತ್ತವೆ. ಅನುಸ್ವಾರದ ಜಾಗಕ್ಕೆ ಕನ್ನಡದ ಸೊನ್ನೆ ಬಂದು ಕೂರುತ್ತದೆ. ಈ ಕೊನೆಯದು ಕಣ್ಣಿಗೆ ಬೀಳುವುದೇ ಇಲ್ಲ: ‘ಬೆ೦ಗಳೂರು’ ಮತ್ತು ‘ಬೆಂಗಳೂರು’ ನೋಡಲು ಒಂದೇ, ಹುಡುಕುವಾಗ ಬೇರೆ ಬೇರೆ. ಅಕ್ಷರದ ಪಕ್ಕದಲ್ಲಿರುವ ಸೊನ್ನೆಯನ್ನೆಲ್ಲ ಅನುಸ್ವಾರಕ್ಕೆ ಬದಲಿಸುವುದು ಓಸಿಆರ್ ಆದ ಕೂಡಲೇ ಮಾಡಬೇಕಾದ ಕೆಲಸ. ಇಲ್ಲಿ ಕಣ್ಣಿನಿಂದ ಹುಡುಕುವುದು ವ್ಯರ್ಥ, ಹುಡುಕಿ ಬದಲಿಸುವ ಸೌಲಭ್ಯವನ್ನೇ ಬಳಸಬೇಕು.

ಕೀಲಿಮಣೆಯೇ ಲೇಸು ಎನಿಸುವ ಹೊತ್ತು

ಓಸಿಆರ್ ಉಳಿಸುವುದು ಟೈಪಿಸುವ ಶ್ರಮವನ್ನು, ಓದಿ ತಿದ್ದುವ ಶ್ರಮವನ್ನಲ್ಲ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಪುಟಕ್ಕೆ 250 ಪದ, ಸುಮಾರು 1,800 ಯೂನಿಕೋಡ್ ಚಿಹ್ನೆಗಳು ಇವೆ ಎಂದುಕೊಳ್ಳೋಣ. ನೂರಕ್ಕೆ 98 ಸರಿಯಾಗಿ ಓದುವ ಓಸಿಆರ್ ಎಂದರೆ ಕೇಳಲು ಭರ್ಜರಿ, ಆದರೆ ಪುಟಕ್ಕೆ 36 ತಪ್ಪು. ಒಂದೊಂದನ್ನು ತಿದ್ದಲು 8 ಸೆಕೆಂಡ್ ಹಿಡಿದರೂ ಸುಮಾರು 5 ನಿಮಿಷ. ಅದೇ ನೂರಕ್ಕೆ 95 ಆದರೆ ತಪ್ಪುಗಳು 90, ಸಮಯ 12 ನಿಮಿಷ. ನಿಮಿಷಕ್ಕೆ 20 ಪದ ಟೈಪಿಸುವವರು ಆ ಪುಟವನ್ನು ಹನ್ನೆರಡೂವರೆ ನಿಮಿಷದಲ್ಲಿ ಹೊಸದಾಗಿಯೇ ಬರೆದಿರುತ್ತಾರೆ. ಅಂದರೆ ನಿಖರತೆ 95ರ ಆಸುಪಾಸಿಗೆ ಇಳಿದರೆ ಓಸಿಆರಿನಿಂದ ಲಾಭವಿಲ್ಲ. ಇಡೀ ಪುಸ್ತಕಕ್ಕೆ ಕೈಹಾಕುವ ಮುನ್ನ ನಡುವಿನ ಒಂದು ಪುಟವನ್ನು ಓದಿಸಿ, ತಪ್ಪುಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಿದರೆ ನಿರ್ಧಾರ ಸುಲಭ. ಮೊದಲ ಪುಟ ಬೇಡ. ದೊಡ್ಡ ಅಕ್ಷರದ ಶೀರ್ಷಿಕೆಗಳಿಂದ ಅದು ಸುಳ್ಳು ಭರವಸೆ ಕೊಡುತ್ತದೆ.

ಎಣಿಕೆಗೆ ಸಿಗದ ಒಂದು ಸಂಗತಿಯೂ ಇದೆ. ಕತೆಯಲ್ಲೋ ಪ್ರಬಂಧದಲ್ಲೋ ‘ಮರ’ ‘ವುರ’ ಆದರೆ ಓದುವವರು ತಕ್ಷಣ ಎಡವುತ್ತಾರೆ. ಮತದಾರರ ಪಟ್ಟಿಯಲ್ಲಿ, ಸರ್ವೆ ನಂಬರಿನಲ್ಲಿ, ದೇಣಿಗೆಯ ಮೊತ್ತದಲ್ಲಿ ಒಂದು ಅಂಕಿ ಬದಲಾದರೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಹೆಸರು, ಅಂಕಿಗಳ ಕೋಷ್ಟಕವನ್ನು ಟೈಪಿಸುವುದೇ ಮೇಲು, ಅದೂ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಾಳೆ ನೋಡುವಂತೆ. ಕೈಬರಹ, ಸವೆದ ಮೊಳೆಗಳ ಹಳೆಯ ಮುದ್ರಣ, ಱ ಮತ್ತು ೞ ಇರುವ ಹಳಗನ್ನಡ, ಎರಡು ಪುಟದೊಳಗಿನ ಯಾವುದೇ ಬರಹ ಇವಕ್ಕೂ ಅದೇ ಮಾತು. ಟೈಪಿಂಗ್ ನಿಧಾನವಿರುವವರು ಮೊಬೈಲಿನ ಕೀಲಿಮಣೆಗೆ ಓದಿ ಹೇಳಿ ಬರೆಸಬಹುದು. ವಿರಾಮ ಚಿಹ್ನೆಗಳನ್ನು ಆಮೇಲೆ ಹಾಕಿಕೊಳ್ಳಬೇಕಾಗುತ್ತದೆ, ಅಷ್ಟೇ.

ಒಂದೇ ಕಡತದಲ್ಲಿ ಹಲವು ಬಗೆ ಇದ್ದಾಗ

ನಿಜವಾದ ಕಡತಗಳು ಇಷ್ಟು ಶುದ್ಧವಾಗಿ ಒಂದೊಂದು ಬಗೆಗೆ ಸೇರುವುದು ಅಪರೂಪ. ಒಂದು ಊರಿನ ಸಹಕಾರ ಸಂಘದ ಸ್ಮರಣ ಸಂಚಿಕೆಯನ್ನು ಮರುಮುದ್ರಿಸಬೇಕಿದೆ, ಪೇಜ್‌ಮೇಕರ್ ಕಡತ ಕಳೆದುಹೋಗಿ 96 ಪುಟದ ಪಿಡಿಎಫ್ ಮಾತ್ರ ಉಳಿದಿದೆ ಎಂದುಕೊಳ್ಳಿ. `pdffonts -f 1 -l 10` ಎಂದು ಹತ್ತು ಹತ್ತು ಪುಟ ಪರೀಕ್ಷಿಸುತ್ತಾ ಹೋದರೆ ನಕ್ಷೆ ಮೂಡುತ್ತದೆ. ಲೇಖನಗಳ 60 ಪುಟ ನುಡಿಯಲ್ಲಿವೆ. ಕೊನೆಯ ಗಳಿಗೆಯಲ್ಲಿ ಸೇರಿಸಿದ ಭಾಷಣಗಳ 20 ಪುಟ ವರ್ಡ್‌ನಲ್ಲಿ ತುಂಗಾ ಬಳಸಿ ಮಾಡಿದ್ದು. ಉಳಿದ 16 ಪುಟಗಳಲ್ಲಿ ಫಾಂಟೇ ಇಲ್ಲ. ಹಳೆಯ ವಾರ್ಷಿಕ ವರದಿ ಮತ್ತು ನಡಾವಳಿ ಪುಸ್ತಕದ ಸ್ಕ್ಯಾನ್ ಅವು.

ಮೊದಲ 60 ಪುಟವನ್ನು ನುಡಿ ಪರಿವರ್ತಕಕ್ಕೆ ಕೊಟ್ಟು, ‘ಆಅಅ’ದಂಥ ಸ್ವರದ ಸಾಲುಗಳನ್ನು ಹುಡುಕಿ ಇಂಗ್ಲಿಷ್ ಪದಗಳನ್ನು ಮರಳಿ ಕೂರಿಸಿ, ಸಾಲು ಮುರಿದ ಕಡೆಗಳನ್ನು ಜೋಡಿಸಿದರೆ ಸಂಚಿಕೆಯ ಬಹುಪಾಲು ಮುಗಿಯಿತು. ಭಾಷಣದ ಪುಟಗಳಿಗೆ ಹತ್ತು ಪದಗಳ ಪರೀಕ್ಷೆ. ಅಕ್ಷರಗಳು ಒಂದಾಗಿ ಬಂದಿವೆ ಎಂದು ಕಂಡರೆ ಚಿತ್ರವಾಗಿ ತೆಗೆದು ಓದಿಸುವುದು. ಅಚ್ಚು ಸ್ವಚ್ಛವಿರುವುದರಿಂದ ತಪ್ಪು ಕಡಿಮೆ ಇರುತ್ತದೆ. ವಾರ್ಷಿಕ ವರದಿಯ ಗದ್ಯವನ್ನು ಒಂದು ಪುಟ ಓದಿಸಿ ಎಣಿಸಿದ ಮೇಲೆ ತೀರ್ಮಾನ. ಆಯವ್ಯಯದ ಕೋಷ್ಟಕ ಮತ್ತು ಕೈಬರಹದ ನಡಾವಳಿಗೆ ಯೋಚನೆಯೇ ಬೇಡ, ಟೈಪಿಸುವುದು. ಕಡತವನ್ನು ಮೊದಲೇ ಹೀಗೆ ವಿಂಗಡಿಸದೆ ಪೂರ್ತಿ ಓಸಿಆರಿಗೆ ಕೊಟ್ಟಿದ್ದರೆ, ತಪ್ಪೇ ಇಲ್ಲದೆ ಸಿಗಬಹುದಾಗಿದ್ದ 60 ಪುಟಗಳಲ್ಲೂ ಕರಡು ತಿದ್ದುತ್ತಾ ಕೂರಬೇಕಾಗುತ್ತಿತ್ತು.

ಇಷ್ಟೆಲ್ಲ ಓದುವವರ ತಲೆಗೆ ಬರುವುದು ಪಿಡಿಎಫ್ ಮಾಡಿದವರು ಅರ್ಧ ನಿಮಿಷದ ಪರೀಕ್ಷೆಯೊಂದನ್ನು ಬಿಟ್ಟುಬಿಡುವುದರಿಂದ. ಕಡತ ಸಿದ್ಧವಾದ ಮೇಲೆ `Ctrl+F` ಒತ್ತಿ, ಪುಟದಲ್ಲಿ ಕಣ್ಣೆದುರೇ ಇರುವ ಅರ್ಕಾವೊತ್ತಿನ ಒಂದು ಪದ, ಒತ್ತಕ್ಷರದ ಒಂದು ಪದ ಹುಡುಕಿ ನೋಡಬೇಕು. ಸಿಗದಿದ್ದರೆ ಆ ಕಡತವನ್ನು ಬೇರೆ ಯಾರೂ ಹುಡುಕಿ ತೆಗೆಯಲಾರರು. ಪರದೆ ಓದುವ ತಂತ್ರಾಂಶವನ್ನು ನೆಚ್ಚಿಕೊಂಡ ಅಂಧ ಓದುಗರಿಗಂತೂ ಕರ್ನಾಟಕ ‘ಕನಾರ್ಟಕ’ವಾಗಿಯೇ ಕೇಳಿಸುತ್ತದೆ. ಅವರ ಪಾಲಿಗೆ ಪುಟದ ಚಂದ ಲೆಕ್ಕಕ್ಕಿಲ್ಲ, ಒಳಗಿನ ಪಟ್ಟಿಯೇ ಪುಟ. ಪಿಡಿಎಫ್ ಹಾಗೇ ಕೆಡುತ್ತಿದ್ದರೆ ಅದರ ಪಕ್ಕದಲ್ಲಿ ಮೂಲ ವರ್ಡ್ ಕಡತವನ್ನೋ ಸರಳ ಯೂನಿಕೋಡ್ ಪಠ್ಯವನ್ನೋ ಇಟ್ಟುಬಿಡಬೇಕು. ಕಡತ ಕೈಗೆ ಬಂದವರೂ ಪರಿವರ್ತಕ, ಓಸಿಆರ್ ಎಂದು ಹೊರಡುವ ಮುಂಚೆ ಮಾಡಿದವರಿಗೊಂದು ಫೋನ್ ಮಾಡಿ ಮೂಲ ಕಡತ ಕೇಳುವುದು ಒಳ್ಳೆಯದು. ಅದು ಸಿಕ್ಕಿಬಿಟ್ಟರೆ ಮೇಲಿನ ಯಾವ ಉಪಾಯವೂ ಬೇಕಾಗುವುದಿಲ್ಲ.